ಜೋರು ಮಳೆಗೆ ಒಳಮೂಲೆಯಲ್ಲೇ ಗಟರ್ ಯಾಕೆ ಚೆಲ್ಲುತ್ತದೆ?

ಪ್ರಶ್ನೆ: ನಮ್ಮದು ಎಲ್ ಆಕಾರದ ಹೆಂಚಿನ ಮನೆ. ಎರಡೂ ಭಾಗದ ಅಗಲ 8 ಮೀಟರ್, ಸೂರಿಗಿಂತ ನೆತ್ತಿ 2 ಮೀಟರ್ ಎತ್ತರ. ಒಳಮೂಲೆಯಲ್ಲಿ ಎರಡು ಚಾವಣಿಗಳು ಕೂಡುವ ಓರೆ ಸಾಲು, ಅಂದರೆ ಒಂದು ವ್ಯಾಲಿ ಇದೆ. ಆ ಮೂಲೆಯಿಂದ ಒಂದು ಕಡೆ 6 ಮೀಟರ್, ಇನ್ನೊಂದು ಕಡೆ 5 ಮೀಟರ್ ಸೂರು. ಗಟರ್ 125 ಮಿ.ಮೀ. ಅರ್ಧ ದುಂಡಿನದು. 6 ಮೀಟರ್ ಕಡೆಯ ತುದಿಯಲ್ಲಿ ಒಂದೇ ಒಂದು 75 ಮಿ.ಮೀ. ಪೈಪು ಇಳಿಯುತ್ತದೆ. ಸಾಧಾರಣ ಮಳೆಗೆ ಏನೂ ತೊಂದರೆ ಇಲ್ಲ. ಜೋರು ಮಳೆ ಹತ್ತು ನಿಮಿಷ ಹೊಡೆದರೆ ಮೂಲೆಯಲ್ಲಿ ನೀರು ಧೋ ಅಂತ ಹೊರಗೆ ಬೀಳುತ್ತದೆ. ವ್ಯಾಲಿಯ ಕೆಳಗಿನ ಕೋಣೆಯಲ್ಲಿ ಒದ್ದೆ ಕಲೆಯೂ ಬಂದಿದೆ. ಒಬ್ಬರು ಗಟರ್‌ಗೆ ಇಳಿಜಾರು ಸಾಲದು ಅಂದರು. ಇನ್ನೊಬ್ಬರು ಪೂರ್ತಿ ತೆಗೆದು ದೊಡ್ಡ ಗಟರ್ ಹಾಕಿ ಅಂದರು. ಮೂರನೆಯವರು ಎಲೆ ತಡೆಯುವ ಜಾಲರಿ ಹಾಕಿದರೆ ಸಾಕು ಅಂದರು. ಯಾರ ಮಾತು ಕೇಳಲಿ?

ಉತ್ತರ: ಅಳತೆ ಸರಿಯಾಗಿ ಕೊಟ್ಟಿದ್ದೀರಿ. ಹಾಗಾಗಿ ಅಂದಾಜಿನ ಮಾತು ಬಿಟ್ಟು ಲೆಕ್ಕ ಹಾಕಿಯೇ ಹೇಳಬಹುದು. ಆದರೆ ಲೆಕ್ಕಕ್ಕೆ ಮೊದಲು ಒಂದು ಕೆಲಸ ಮಾಡಿ. ಮುಂದಿನ ಜೋರು ಮಳೆಗೆ ಕೊಡೆ ಹಿಡಿದು ಆ ಮೂಲೆಯ ಎದುರು ಐದು ನಿಮಿಷ ನಿಂತು ನೋಡಿ. ಸಿಡಿಲು ಗುಡುಗು ಇದ್ದರೆ ಬೇಡ, ಕಿಟಕಿಯಿಂದಲೇ ನೋಡಿ.

ನೋಡಬೇಕಾದ್ದು ಒಂದೇ ಸಂಗತಿ. ಮೂಲೆಯಲ್ಲಿ ನೀರು ಚೆಲ್ಲುವಾಗ, ಅಲ್ಲಿಂದ ಎರಡು ಮೀಟರ್ ಆಚೆ ಗಟರ್ ಎಷ್ಟು ತುಂಬಿದೆ? ಅಲ್ಲಿ ಅರ್ಧ ಖಾಲಿ ಇದ್ದು ಮೂಲೆಯಲ್ಲಿ ಮಾತ್ರ ನೀರು ಹಾರಿ ಹೋಗುತ್ತಿದ್ದರೆ, ವ್ಯಾಲಿಯಿಂದ ರಭಸವಾಗಿ ಬಂದ ನೀರು ಗಟರ್ ಮೇಲಿಂದ ನೆಗೆಯುತ್ತಿದೆ ಎಂದರ್ಥ. ಅಲ್ಲಿಯೂ ಅಂಚಿನವರೆಗೆ ತುಂಬಿ ನಿಂತಿದ್ದರೆ, ಬಂದಷ್ಟು ನೀರು ಕೆಳಗೆ ಇಳಿದು ಹೋಗುತ್ತಿಲ್ಲ. ಎರಡೂ ನೋಡಲು ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಬೇರೆ ಬೇರೆ. ನಿಮ್ಮ ಅಳತೆ ನೋಡಿದರೆ ನಿಮ್ಮಲ್ಲಿ ಎರಡೂ ಒಟ್ಟಿಗೆ ಆಗುತ್ತಿರಬೇಕು. ಯಾಕೆ ಅಂತ ಹೇಳುತ್ತೇನೆ.

ಎಷ್ಟು ನೀರು ಬರುತ್ತದೆ?

ಒಂದು ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ಈ ಒಂದು ಮಾತು ಗೊತ್ತಿದ್ದರೆ ಉಳಿದದ್ದು ಬರೀ ಗುಣಾಕಾರ.

ಚಾವಣಿಯ ವಿಸ್ತೀರ್ಣವನ್ನು ಇಳಿಜಾರಿನ ಮೇಲೆ ಅಳೆಯಬೇಡಿ, ಮೇಲಿನಿಂದ ನೋಡಿದಾಗ ಕಾಣುವಷ್ಟನ್ನೇ ತೆಗೆದುಕೊಳ್ಳಿ. ನೆತ್ತಿಯಿಂದ ಸೂರಿಗೆ 4 ಮೀಟರ್. ಹಾಗಾದರೆ ಒಂದು ಕಡೆ 6 ಗುಣಿಸು 4, ಅಂದರೆ 24 ಚದರ ಮೀಟರ್. ಇನ್ನೊಂದು ಕಡೆ 5 ಗುಣಿಸು 4, ಅಂದರೆ 20. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಬಿಟ್ಟುಹೋಗುವುದು ಮೂಲೆಯ ಹಿಂದಿನ ಭಾಗ. ಎರಡು ಚಾವಣಿಗಳು ಸೇರುವ ಆ 4 ಮೀಟರ್ ಚೌಕದ ನೀರು ಯಾವ ಸೂರಿಗೂ ನೇರವಾಗಿ ಬರುವುದಿಲ್ಲ. ಎರಡು ತ್ರಿಕೋನಗಳಾಗಿ ವ್ಯಾಲಿಗೆ ಇಳಿಯುತ್ತದೆ. ಒಂದೊಂದು ತ್ರಿಕೋನ 8 ಚದರ ಮೀಟರ್, ಒಟ್ಟು 16. ಉಳಿದ 44 ಚದರ ಮೀಟರ್‌ನ ನೀರು 11 ಮೀಟರ್ ಉದ್ದದ ಸೂರಿನಲ್ಲಿ ಹಂಚಿಕೊಂಡು ಬೀಳುತ್ತದೆ. ಈ 16 ಚದರ ಮೀಟರ್‌ನ ನೀರು ಮಾತ್ರ ಅಂಗೈ ಅಗಲದ ಒಂದೇ ಜಾಗದಲ್ಲಿ ಬೀಳುತ್ತದೆ.

ಗಾಳಿ ಮಳೆಯನ್ನು ಓರೆಯಾಗಿ ಹೊಡೆಯುವಾಗ ಇಳಿಜಾರು ಚಾವಣಿಗೆ ಜಾಸ್ತಿ ನೀರು ಬೀಳುತ್ತದೆ. ಅದಕ್ಕೆ ನೆತ್ತಿಯ ಎತ್ತರದ ಅರ್ಧವನ್ನು ಅಗಲಕ್ಕೆ ಸೇರಿಸುವುದು ರೂಢಿ. ನಿಮ್ಮಲ್ಲಿ ಎತ್ತರ 2 ಮೀಟರ್, ಅರ್ಧ ಅಂದರೆ 1. ಹಾಗಾಗಿ 4 ಮೀಟರನ್ನು 5 ಅಂತ ಇಟ್ಟುಕೊಳ್ಳಿ. ಅಂದರೆ ಎಲ್ಲ ಅಂಕಿಗೂ ಕಾಲು ಭಾಗ ಹೆಚ್ಚು. ಒಟ್ಟು 60 ಇದ್ದದ್ದು 75 ಆಯಿತು, ವ್ಯಾಲಿಯ 16 ಇದ್ದದ್ದು 20 ಆಯಿತು.

ಇನ್ನು ಮಳೆಯ ಬಿರುಸು. ಇಲ್ಲಿ ತುಂಬ ಜನ ತಪ್ಪುತ್ತಾರೆ. ಇಡೀ ದಿನದ ಮಳೆ ಎಷ್ಟು ಅನ್ನುವುದು ಗಟರ್‌ಗೆ ಬೇಕಾಗಿಲ್ಲ. ದಿನವಿಡೀ ಜಿಟಿಜಿಟಿ ಸುರಿದ 100 ಮಿ.ಮೀ. ಮಳೆಯನ್ನು ಸಣ್ಣ ಗಟರ್ ಕೂಡ ಸಲೀಸಾಗಿ ಸಾಗಿಸುತ್ತದೆ. ಚೆಲ್ಲಿಸುವುದು ಐದು ಹತ್ತು ನಿಮಿಷದ ಹೊಡೆತ. ಅದನ್ನು ನೀವೇ ಅಳೆಯಬಹುದು. ಬದಿ ನೇರವಾಗಿರುವ ಒಂದು ಡಬ್ಬವನ್ನು ಮರ, ಗೋಡೆ ಯಾವುದೂ ಹತ್ತಿರ ಇಲ್ಲದ ಜಾಗದಲ್ಲಿ ಇಡಿ. ಬಿರುಸು ಮಳೆಯಲ್ಲಿ 10 ನಿಮಿಷಕ್ಕೆ ಎಷ್ಟು ಮಿ.ಮೀ. ನಿಂತಿತು ಅಂತ ಅಳೆದು 6ರಿಂದ ಗುಣಿಸಿ. 25 ಮಿ.ಮೀ. ನಿಂತರೆ ಅದು ಗಂಟೆಗೆ 150 ಮಿ.ಮೀ. ಬಿರುಸು. ಜೋರು ಮಳೆಯ ಜಾಗಗಳಲ್ಲಿ ನಾನು ಮನೆಗಳಿಗೆ 150ಕ್ಕಿಂತ ಕಡಿಮೆ ಹಿಡಿಯುವುದಿಲ್ಲ. ಒಳಮೂಲೆ ಇದ್ದರೆ 200 ಹಿಡಿಯುತ್ತೇನೆ, ಯಾಕೆಂದರೆ ಅಲ್ಲಿ ಚೆಲ್ಲಿದ ನೀರು ಎರಡೂ ಗೋಡೆಗಳಿಗೆ ತಾಗುತ್ತದೆ.

ವಿಸ್ತೀರ್ಣವನ್ನು ಬಿರುಸಿನಿಂದ ಗುಣಿಸಿ 3600ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಲೀಟರ್ ಅಂತ ಸಿಗುತ್ತದೆ. 75 ಗುಣಿಸು 200, ಭಾಗಿಸು 3600. ಸೆಕೆಂಡಿಗೆ ಸುಮಾರು 4.2 ಲೀಟರ್. ಅದರಲ್ಲಿ ವ್ಯಾಲಿ ಒಂದರಿಂದಲೇ 1.1 ಲೀಟರ್. 6 ಮೀಟರ್ ಸೂರಿನಿಂದ 1.7, 5 ಮೀಟರ್ ಸೂರಿನಿಂದ 1.4.

ನಿಮ್ಮ ಗಟರ್‌ಗೆ ಎಷ್ಟು ತಾಕತ್ತಿದೆ?

ಮಟ್ಟವಾಗಿ ಕೂರಿಸಿದ 125 ಮಿ.ಮೀ. ಅರ್ಧ ದುಂಡಿನ ಗಟರ್, ಒಂದು ತುದಿಯಲ್ಲಿ ನೀರು ಅಡ್ಡಿಯಿಲ್ಲದೆ ಬಿದ್ದು ಹೋಗುತ್ತಿದ್ದರೆ, ಸೆಕೆಂಡಿಗೆ ಸುಮಾರು 1.35 ಲೀಟರ್ ಸಾಗಿಸುತ್ತದೆ. 150 ಮಿ.ಮೀ. ಆದರೆ ಸುಮಾರು 2.1. ದಾರಿಯಲ್ಲಿ ಮೂಲೆಯ ತಿರುವು ಇದ್ದರೆ ಅದರಲ್ಲಿ ಇನ್ನೂ ಹದಿನೈದು ಪರ್ಸೆಂಟ್ ಕಡಿಮೆ ಹಿಡಿಯಬೇಕು. ನಿಮ್ಮಲ್ಲಿ ಎರಡೂ ಕಡೆಯ ನೀರು, ಮೇಲೆ ವ್ಯಾಲಿಯ ನೀರು, ಎಲ್ಲ ಸೇರಿ 4.2 ಲೀಟರ್ ಒಂದೇ ತುದಿಗೆ ಓಡಬೇಕು. ಮೂರು ಪಟ್ಟು ಹೊರೆ. ಅರ್ಧ ಬಿರುಸಿನ ಮಳೆಗೂ ಅದು ತುಂಬಿಕೊಳ್ಳುತ್ತದೆ.

ಈಗ ಇಳಿಜಾರಿನ ಮಾತು. ಗಟರ್‌ನಲ್ಲಿ ನೀರು ನಿಂತು ಕೊಳೆಯದಿರಲು ಮೀಟರಿಗೆ 2ರಿಂದ 3 ಮಿ.ಮೀ. ಇಳಿಜಾರು ಒಳ್ಳೆಯದೇ. ಆದರೆ ಮೂರು ಪಟ್ಟು ಹೊರೆಯನ್ನು ಇಳಿಜಾರು ತೀರಿಸುವುದಿಲ್ಲ. ಮೀಟರಿಗೆ 10 ಮಿ.ಮೀ. ಕೊಟ್ಟರೂ 11 ಮೀಟರಿಗೆ 110 ಮಿ.ಮೀ. ಇಳಿಯಬೇಕಾಗುತ್ತದೆ. ನಿಮ್ಮ ಗಟರ್‌ನ ಆಳವೇ 62 ಮಿ.ಮೀ. ಕೆಳ ತುದಿಯಲ್ಲಿ ಗಟರ್ ಹೆಂಚಿನಿಂದ ಅಷ್ಟು ಕೆಳಗೆ ಜಾರಿದರೆ ಸೂರಿನ ನೀರು ಗಾಳಿಗೆ ಹಾರಿ ಗಟರ್‌ನಾಚೆ ಬೀಳುತ್ತದೆ. ಒಂದು ತೊಂದರೆ ತೆಗೆಯಲು ಹೋಗಿ ಇನ್ನೊಂದನ್ನು ತಂದುಕೊಂಡ ಹಾಗೆ.

ಜಾಲರಿ ಎಲೆಗೆ ಸರಿ, ಆದರೆ ವ್ಯಾಲಿಯ ಬಾಯಿಯಲ್ಲಿ ಅಲ್ಲ. ರಭಸವಾಗಿ ಬರುವ ನೀರು ಜಾಲರಿಯ ತೂತಿನಲ್ಲಿ ಇಳಿಯುವ ಮೊದಲೇ ಅದರ ಮೇಲೆ ಜಾರಿ ಹೊರಗೆ ಹೋಗುತ್ತದೆ. ಒಳಮೂಲೆಗೆ ಸಪಾಟು ಜಾಲರಿ ಹಾಕಿದ ಮೇಲೆ ಚೆಲ್ಲುವುದು ಹೆಚ್ಚಾಯಿತು ಅಂತ ಕರೆಸಿಕೊಂಡ ಮನೆಗಳಿಗೆ ನಾನು ಸಾಕಷ್ಟು ಸಲ ಹೋಗಿದ್ದೇನೆ.

ಪೈಪು ಸಾಕು, ಬಾಯಿ ಸಾಲದು

ದೊಡ್ಡ ಗಟರ್ ಹಾಕಿ ಅಂದವರ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಅರ್ಥ ಆಗಬೇಕಾದರೆ ನೀರು ಪೈಪಿಗೆ ಹೇಗೆ ಇಳಿಯುತ್ತದೆ ಅಂತ ಹತ್ತಿರದಿಂದ ನೋಡಬೇಕು.

ಏಣಿ ಇಟ್ಟು ಗಟರ್‌ನ ತೂತನ್ನು ಮಳೆಯಲ್ಲಿ ನೋಡಿದರೆ, ನೀರು ತೂತನ್ನು ಪೂರ್ತಿ ತುಂಬಿಕೊಂಡು ಇಳಿಯುವುದಿಲ್ಲ. ಅಂಚಿನ ಸುತ್ತ ತೆಳ್ಳಗೆ ಮಡಚಿಕೊಂಡು, ಬಾವಿಕಟ್ಟೆ ಮೇಲಿಂದ ಉಕ್ಕಿದ ಹಾಗೆ ಒಳಗೆ ಬೀಳುತ್ತದೆ. ನಡುವೆ ಕಪ್ಪಗೆ ಖಾಲಿ ಜಾಗ ಕಾಣುತ್ತದೆ. ಪೈಪಿನ ಒಳಗೂ ಅಷ್ಟೇ, ನೀರು ಗೋಡೆಗೆ ಅಂಟಿಕೊಂಡು ಇಳಿಯುತ್ತದೆ, ನಡುವೆ ಗಾಳಿ. ನೇರವಾಗಿ ಇಳಿಯುವ 75 ಮಿ.ಮೀ. ಪೈಪು ಸೆಕೆಂಡಿಗೆ ಸುಮಾರು 5 ಲೀಟರ್ ನೀರು ಕೆಳಗಿಳಿಸಬಲ್ಲದು. ಅಂದರೆ ನಿಮ್ಮ ಒಟ್ಟು ಹೊರೆಗೂ ಸಾಕು! ಆದರೆ ಅದರ ಬಾಯಿಯ ಮೇಲೆ 30ರಿಂದ 35 ಮಿ.ಮೀ. ನೀರು ಮಾತ್ರ ನಿಂತಿದ್ದರೆ ಒಳಗೆ ಹೋಗುವುದು 1.6ರಿಂದ 2 ಲೀಟರ್ ಅಷ್ಟೇ. ತಡೆ ಇರುವುದು ಪೈಪಿನಲ್ಲಲ್ಲ, ಅದರ ಬಾಯಿಯಲ್ಲಿ.

ಬಾಯಿಗೆ ಎರಡು ರೀತಿ ಸಹಾಯ ಮಾಡಬಹುದು. ಒಂದು, ಅಗಲ ಮಾಡುವುದು. ಇನ್ನೊಂದು, ಅದರ ಮೇಲೆ ನಿಲ್ಲುವ ನೀರಿನ ಆಳ ಹೆಚ್ಚಿಸುವುದು. ಎರಡನೆಯದರ ಫಲ ಜಾಸ್ತಿ. 100 ಮಿ.ಮೀ. ಬಾಯಿಯ ಮೇಲೆ 35 ಮಿ.ಮೀ. ನೀರಿದ್ದರೆ 2.75 ಲೀಟರ್ ಇಳಿಯುತ್ತದೆ. 50 ಮಿ.ಮೀ. ಇದ್ದರೆ 4.7. ಅದೇ ಬಾಯಿಯನ್ನು ಒಂದು ಪೆಟ್ಟಿಗೆಯ ತಳದಲ್ಲಿಟ್ಟು ಮೇಲೆ 100 ಮಿ.ಮೀ. ನೀರು ನಿಲ್ಲುವಂತೆ ಮಾಡಿದರೆ 6.5 ಲೀಟರ್ ದಾಟುತ್ತದೆ. ಬಾಯಿಗೆ ಎಲೆ ತಡೆಯುವ ಗುಮ್ಮಟದ ಜಾಲರಿ ಇಟ್ಟರೆ ಈ ಅಂಕಿಗಳನ್ನು ಅರ್ಧಕ್ಕೆ ಇಳಿಸಿಕೊಳ್ಳಿ.

ಈಗ ದೊಡ್ಡ ಗಟರ್ ಸಲಹೆಯನ್ನು ಇದಕ್ಕೆ ಹಿಡಿದು ನೋಡಿ. ಪೂರ್ತಿ ಬದಲಿಸಿ 150 ಮಿ.ಮೀ. ಅರ್ಧ ದುಂಡು ಹಾಕಿದರೂ 4.2 ಲೀಟರಿಗೆ ಅದು ಸಾಲದು. ಇನ್ನೂ ದೊಡ್ಡದು, 150 ಅಗಲ 100 ಆಳದ ಚೌಕನೆಯ ಗಟರ್ ಹಾಕಿದರೆ, ತಿರುವಿನ ನಷ್ಟ ಕಳೆದು ಗಟರ್ ಹೇಗೋ ಸಾಗಿಸುತ್ತದೆ. ಆದರೆ ಕೊನೆಯಲ್ಲಿ ಅದೇ 75 ಮಿ.ಮೀ. ಬಾಯಿ ಉಳಿದರೆ, 80 ಮಿ.ಮೀ. ನೀರು ಮೇಲೆ ನಿಂತರೂ 3.3 ಲೀಟರ್ ದಾಟುವುದಿಲ್ಲ. ಮತ್ತೆ ಚೆಲ್ಲುತ್ತದೆ. ಜೊತೆಗೆ ತುಂಬಿದ ದೊಡ್ಡ ಗಟರ್‌ನ ಭಾರವನ್ನು ಕೊಂಡಿಗಳು ಹೊರಬೇಕು.

ನಾನಾಗಿದ್ದರೆ ಏನು ಮಾಡುತ್ತೇನೆ

ಗಟರ್ ಹಾಗೇ ಇರಲಿ. ನೀರಿನ ದಾರಿಯನ್ನು ಒಡೆಯೋಣ.

ಮೂಲೆಯಲ್ಲೇ ಒಂದು ಪೆಟ್ಟಿಗೆ ಕೂರಿಸಿ, ವ್ಯಾಲಿಯ ನೀರು ನೇರ ಅದರೊಳಗೆ ಬೀಳಬೇಕು. ಒಳ ಅಳತೆ ಬದಿಗೆ 250 ಮಿ.ಮೀ. ಆದರೂ ಇರಲಿ, ಗಟರ್‌ನ ತಳಕ್ಕಿಂತ 150 ಮಿ.ಮೀ. ಕೆಳಗೆ ಇಳಿದಿರಲಿ, ತಳದಲ್ಲಿ 100 ಮಿ.ಮೀ. ಬಾಯಿ ಮತ್ತು ಪೈಪು. ಎರಡೂ ಕಡೆಯ ಗಟರ್‌ಗಳು ಇದೇ ಪೆಟ್ಟಿಗೆಗೆ ಬಂದು ಸೇರಲಿ. ಈಗಿರುವ 75 ಮಿ.ಮೀ. ಪೈಪು ಅದರ ತುದಿಯಲ್ಲೇ ಇರಲಿ, 5 ಮೀಟರ್ ಕಡೆಯ ತುದಿಗೆ ಇನ್ನೊಂದು 75 ಮಿ.ಮೀ. ಪೈಪು ಇಳಿಸಿ. ಒಂದೊಂದು ಗಟರ್‌ನ ನಡುಮಧ್ಯವನ್ನು ಸ್ವಲ್ಪ ಎತ್ತರಿಸಿ, ಎರಡೂ ತುದಿಗೆ ಇಳಿಜಾರು ಕೊಡಿ.

ಈಗ ಲೆಕ್ಕ ನೋಡಿ. 6 ಮೀಟರ್ ಸೂರಿನ 1.7 ಲೀಟರ್ ಎರಡು ಪಾಲಾಗಿ ಗಟರ್‌ನಲ್ಲಿ ಓಡುವುದು 0.85. ಇನ್ನೊಂದು ಕಡೆ 0.7. ನಿಮ್ಮ ಹಳೆಯ 125 ಮಿ.ಮೀ. ಗಟರ್‌ನ ತಾಕತ್ತು 1.35, ಧಾರಾಳ ಸಾಕು. ಮೂಲೆಯ ಪೆಟ್ಟಿಗೆಗೆ ಬರುವುದು ವ್ಯಾಲಿಯ 1.1, ಮೇಲೆ ಎರಡು ಪಾಲು, ಒಟ್ಟು 2.65 ಲೀಟರ್ ಹತ್ತಿರ. ಅದರ ಬಾಯಿ 6.5 ಲೀಟರ್ ನುಂಗುತ್ತದೆ. ಎಲೆ ಕೂತು ಅರ್ಧ ಮುಚ್ಚಿದರೂ 3.2 ಉಳಿಯುತ್ತದೆ. ನಾನು ಇಲ್ಲಿ ಹುಡುಕುವುದೇ ಈ ಹೆಚ್ಚುವರಿಯನ್ನು, ಯಾಕೆಂದರೆ ಚಾವಣಿಯ ಕಸವನ್ನೆಲ್ಲ ಒಟ್ಟುಗೂಡಿಸಿ ತರುವುದು ವ್ಯಾಲಿಯೇ.

ಮೂಲೆಯಲ್ಲಿ ಕಿಟಕಿ, ಬಾಗಿಲು ಇದ್ದು ಪೈಪು ಇಳಿಸಲು ಆಗದೇ ಹೋಗಬಹುದು. ಆಗ ಪೆಟ್ಟಿಗೆಯನ್ನು ಒಂದು ಮೀಟರ್ ಬದಿಗೆ ಸರಿಸಬಹುದು. ಆದರೆ ಮೂಲೆಯಿಂದ ಪೆಟ್ಟಿಗೆವರೆಗಿನ ಆ ಒಂದು ಮೀಟರ್ ತುಂಡಿನಲ್ಲಿ 2 ಲೀಟರ್ ಹತ್ತಿರ ಓಡುತ್ತದೆ, ಅದೂ ತಿರುವು ದಾಟಿ. ಅಷ್ಟು ಜಾಗಕ್ಕೆ ಮಾತ್ರ 150 ಅಗಲ 100 ಆಳದ ಚೌಕನೆಯ ತುಂಡು ಹಾಕಿಸಿ. ಬೇರೆ ಬೇರೆ ಆಕಾರದ ಗಟರ್ ಸೇರುವ ಕೂಡಿಕೆ ಸೋರುವ ಸಂಭವ ಜಾಸ್ತಿ. ಅಲ್ಲಿ ಸೀಲೆಂಟ್ ಮೇಲೆ ಭಾರ ಹಾಕದೆ, ಮೇಲಿನ ತುಂಡು ಕೆಳಗಿನ ತುಂಡಿನ ಒಳಗೆ ಬೀಳುವ ಹಾಗೆ ಜೋಡಿಸಬೇಕು.

ನೀರು ನೆಗೆಯುವ ತೊಂದರೆಗೆ ಮೂಲೆಯ ಹೊರ ಅಂಚಿನಲ್ಲಿ ಒಂದು ತಗಡಿನ ತಡೆ ಬೇಕು. ನಿಮ್ಮ ಚಾವಣಿಯ ಇಳಿಜಾರು 26 ಡಿಗ್ರಿಗೆ ಸ್ವಲ್ಪ ಮೇಲೆ. ವ್ಯಾಲಿ ಓರೆಯಾಗಿ ಹೋಗುವುದರಿಂದ ಅದರ ಇಳಿಜಾರು ಸುಮಾರು 19.5 ಡಿಗ್ರಿ ಮಾತ್ರ. ಆದರೂ ನೀರು ಸೆಕೆಂಡಿಗೆ 2 ಮೀಟರ್ ಹತ್ತಿರ ವೇಗದಲ್ಲಿ ಬರಬಹುದು. ಅಷ್ಟು ವೇಗಕ್ಕೆ 50 ಮಿ.ಮೀ. ಕೆಳಗೆ ಬೀಳುವಷ್ಟರಲ್ಲಿ ಅದು 100 ಮಿ.ಮೀ. ಮುಂದೆ ಹೋಗಿರುತ್ತದೆ. 75ರಿಂದ 100 ಮಿ.ಮೀ. ಎತ್ತರದ ತಡೆ, ಮೂಲೆಯಿಂದ ಎರಡೂ ಕಡೆಗೆ ಒಂದೊಂದು ಗೇಣು ಉದ್ದ, ಸಾಕು. ತಡೆ ಒಂದನ್ನೇ ಹಾಕಿ ಉಳಿದದ್ದನ್ನು ಬಿಡಬೇಡಿ. ಗಟರ್ ತುಂಬಿದ್ದಾಗ ಹೊರಗೆ ಚೆಲ್ಲುತ್ತಿದ್ದ ನೀರಿಗೆ ನೀವು ಅಡ್ಡಗೋಡೆ ಕಟ್ಟಿದ ಹಾಗಾಗುತ್ತದೆ. ಆಗ ಅದು ಹಿಂದಕ್ಕೆ, ಸೂರಿನ ಹಲಗೆಯ ಮೇಲೆ ಹತ್ತಿ ಗೋಡೆಯೊಳಗೆ ಇಳಿಯುತ್ತದೆ. ಅಂಗಳಕ್ಕೆ ಬಿದ್ದರೆ ಕಾಣುತ್ತದೆ, ಗೋಡೆಗೆ ಇಳಿದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ಆ ಒದ್ದೆ ಕಲೆ

ಕಲೆಯ ಕಾರಣ ಬೇರೆ ಇರಬಹುದು, ಹಾಗಾಗಿ ಗಟರ್ ಸರಿಯಾದರೆ ಅದೂ ಹೋಗುತ್ತದೆ ಅಂತ ಈಗಲೇ ಭರವಸೆ ಕೊಡುವುದಿಲ್ಲ. ಕಲೆ ಎಲ್ಲಿದೆ ನೋಡಿ. ಸೂರಿನ ಹತ್ತಿರ, ಗೋಡೆಯ ತಲೆಯಲ್ಲಿ ಇದ್ದರೆ ತುಂಬಿದ ಗಟರ್ ಹಿಂದಕ್ಕೆ ಒತ್ತಿದ ನೀರೇ ಇರಬೇಕು. ವ್ಯಾಲಿಯ ನಡುವೆ ಅಥವಾ ಮೇಲ್ಗಡೆ ಇದ್ದರೆ ವ್ಯಾಲಿಯ ತಗಡನ್ನೇ ನೋಡಬೇಕು.

ತಗಡಿನಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಸಿಮೆಂಟು. ಹೆಂಚಿನ ಕತ್ತರಿಸಿದ ಅಂಚು ಚೆಂದ ಕಾಣಲಿ ಅಂತ ಎರಡೂ ಕಡೆಯಿಂದ ಗಾರೆ ತುಂಬಿರುತ್ತಾರೆ. ನೀರು ಹರಿಯುವ ಸಾಲು ಎರಡು ಬೆರಳಗಲಕ್ಕೆ ಇಳಿದಿರುತ್ತದೆ. ಒಂದು ಹಿಡಿ ಎಲೆ ಕೂತರೆ ಅಲ್ಲೇ ಕಟ್ಟೆ. ಹಿಂದೆ ಏರಿದ ನೀರು ತಗಡಿನ ಅಂಚು ದಾಟಿ ಮರಕ್ಕೆ ಇಳಿಯುತ್ತದೆ. ಎರಡೂ ಕಡೆಯ ಹೆಂಚಿನ ನಡುವೆ ಕನಿಷ್ಠ 100 ಮಿ.ಮೀ. ಬರಿದಾದ ತಗಡು ಕಾಣಬೇಕು, 150 ಇದ್ದರೆ ಇನ್ನೂ ಒಳ್ಳೆಯದು. ಹೆಂಚಿನ ಕೆಳಗೆ ತಗಡು ಒಂದೊಂದು ಕಡೆ 150 ಮಿ.ಮೀ. ಒಳಗೆ ಹೋಗಿ, ಅಂಚು ಮೇಲಕ್ಕೆ ಮಡಚಿರಬೇಕು. ಮೊಳೆ ಆ ಮಡಚಿದ ಅಂಚಿನ ಆಚೆಗೆ ಇರಬೇಕು. ನೀರು ಹರಿಯುವ ಜಾಗದಲ್ಲಿ ಒಂದೇ ಒಂದು ಮೊಳೆ ಇದ್ದರೂ ಅದು ಸೋರುತ್ತದೆ, ಇವತ್ತಲ್ಲದಿದ್ದರೆ ನಾಳೆ.

ಪರೀಕ್ಷೆಗೆ ಮಳೆ ಬರಬೇಕಾಗಿಲ್ಲ. ತೋಟಕ್ಕೆ ನೀರು ಬಿಡುವ ಪೈಪು ಹಿಡಿದು ವ್ಯಾಲಿಯ ಕೆಳತುದಿಯಿಂದ ಶುರು ಮಾಡಿ. ಅಲ್ಲಿ 10 ನಿಮಿಷ ನೀರು ಬಿಡಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ನೋಡುತ್ತಿರಲಿ. ಒದ್ದೆ ಆಗದಿದ್ದರೆ ಅರ್ಧ ಮೀಟರ್ ಮೇಲೆ ಹೋಗಿ ಮತ್ತೆ 10 ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಇಡೀ ಸಾಲನ್ನು ನೆನೆಸಿಬಿಡುತ್ತದೆ, ಎಲ್ಲಿ ಸೋರಿತು ಅಂತ ಗೊತ್ತಾಗುವುದಿಲ್ಲ. ಹೆಂಚು ಒದ್ದೆ ಇರುವಾಗ ಚಾವಣಿ ಹತ್ತುವುದು ಅಪಾಯ, ಏಣಿಯ ಮೇಲಿಂದಲೇ ಮಾಡಿ, ಅಥವಾ ಕೆಲಸ ಗೊತ್ತಿದ್ದವರ ಕೈಲಿ ಮಾಡಿಸಿ.

ಕೆಲಸ ಒಪ್ಪಿಸುವಾಗ ಒಂದು ವಿಷಯ ಬಿಡದೆ ಹೇಳಿ. ಮೂಲೆಯ ಪೆಟ್ಟಿಗೆಯ ಹೊರಮೈಯಲ್ಲಿ, ಗಟರ್‌ನ ಅಂಚಿಗಿಂತ 25 ಮಿ.ಮೀ. ಕೆಳಗೆ, 100 ಮಿ.ಮೀ. ಅಗಲದ ಒಂದು ಕಚ್ಚು ಬಿಡಿಸಿ. ತಗಡಿನ ತಡೆ ಆ ಕಚ್ಚನ್ನು ಮುಚ್ಚದಿರಲಿ. ಗಟರ್‌ನ ಹೊರ ಅಂಚು ಕೂಡ ಗೋಡೆ ಕಡೆಯ ಅಂಚಿಗಿಂತ ಒಂದು ಬೆರಳು ತಗ್ಗಾಗಿಯೇ ಇರಲಿ. ಪೆಟ್ಟಿಗೆಯ ಬಾಯಿ ಕಟ್ಟಿದ ದಿನ ನೀರು ಕಚ್ಚಿನಿಂದ ಅಂಗಳಕ್ಕೆ ಬೀಳುತ್ತದೆ, ಗೋಡೆಗೆ ಹೋಗುವುದಿಲ್ಲ. ಸಾಧಾರಣ ಮಳೆಗೇ ಆ ಕಚ್ಚಿನಿಂದ ನೀರು ಬೀಳುವುದು ಕಂಡರೆ ಮಳೆ ನಿಂತ ಮೇಲೆ ಏಣಿ ಇಟ್ಟು ಪೆಟ್ಟಿಗೆಗೆ ಕೈ ಹಾಕಿ. ತಳದಲ್ಲಿ ಎಲೆಯ ಮುದ್ದೆ ಸಿಗುತ್ತದೆ.